ಕರಡಿನಲ್ಲಿ ಉಲ್ಲೇಖಿಸಿದ ಸೆಕ್ಷನ್ ಮೂಲದಂತೆಯೇ ಇದೆಯೇ ಎಂದು ತಾಳೆ ನೋಡುವುದು ಹೇಗೆ?

ಪ್ರಶ್ನೆ: "ಚೆಕ್ ಬೌನ್ಸ್ ದೂರಿನ ಕರಡಿನಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಅನ್ನು ಇಂಗ್ಲಿಷ್‌ನಲ್ಲಿ ಪೂರ್ತಿಯಾಗಿ ಹಾಕಿದ್ದೇವೆ. ಒಂದಕ್ಷರವೂ ಆಚೀಚೆ ಆಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಎರಡು ಸಲ ಓದಿದರೆ ಸಾಕಾ?"

ಉತ್ತರ: ಸಾಲದು. ಪರಿಚಿತ ವಾಕ್ಯವನ್ನು ಓದುವಾಗ ಕಣ್ಣು ಪುಟದಲ್ಲಿರುವುದನ್ನು ಬಿಟ್ಟು ಮನಸ್ಸಿನಲ್ಲಿರುವುದನ್ನೇ ಓದಿಬಿಡುತ್ತದೆ. ಸೆಕ್ಷನ್ 138 ಬಾಯಿಪಾಠ ಇದ್ದವರೇ ಇದರಲ್ಲಿ ಹೆಚ್ಚು ಎಡವುತ್ತಾರೆ.

ಮೊದಲು ಯಾವ ಪಠ್ಯದ ಜೊತೆ ಹೋಲಿಸಬೇಕು ಎಂದು ಇತ್ಯರ್ಥ ಮಾಡಿಕೊಳ್ಳಿ. ಹಳೆಯ ದೂರಿನಿಂದಾಗಲಿ, ತೀರ್ಪಿನೊಳಗಿನ ಉಲ್ಲೇಖದಿಂದಾಗಲಿ ಎತ್ತಿದ್ದು ಮೂಲವಲ್ಲ, ಅದೂ ಇನ್ನೊಬ್ಬರು ಟೈಪ್ ಮಾಡಿದ್ದೇ. ಇಂಡಿಯಾ ಕೋಡ್ ತಾಣದಲ್ಲಿರುವ ಪಠ್ಯ ತೆಗೆದುಕೊಳ್ಳಿ. ತಿದ್ದುಪಡಿಯಾದ ಭಾಗಗಳಿಗೆ ಆ ತಿದ್ದುಪಡಿ ಕಾಯ್ದೆಯ ರಾಜ್ಯಪತ್ರವನ್ನೂ ತೆರೆದಿಟ್ಟುಕೊಳ್ಳಿ. ಈ ಸೆಕ್ಷನ್‌ಗೆ 2002ರ ತಿದ್ದುಪಡಿ ಮುಖ್ಯ. ಅದು 2003ರ ಫೆಬ್ರವರಿ 6ರಂದು ಜಾರಿಗೆ ಬಂತು. ಪರಂತುಕದ (ಬಿ) ಖಂಡದಲ್ಲಿ ನೋಟಿಸ್ ಕೊಡುವ ಅವಧಿ 15 ದಿನ ಇದ್ದದ್ದು 30 ಆಯಿತು, ಜೈಲುಶಿಕ್ಷೆಯ ಮಿತಿ ಒಂದು ವರ್ಷ ಇದ್ದದ್ದು ಎರಡಾಯಿತು. ಆದರೆ (ಸಿ) ಖಂಡದಲ್ಲಿ, ಅಂದರೆ ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಇರುವ ಅವಧಿ, ಇಂದಿಗೂ 15 ದಿನವೇ. ಹಳೆಯ ಕರಡಿನಲ್ಲಿ 'ಫಿಫ್ಟೀನ್' ಇದ್ದಲ್ಲೆಲ್ಲ ಒಂದೇ ಸಲಕ್ಕೆ 'ಥರ್ಟಿ' ಮಾಡಿದರೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತದೆ.

ಪಠ್ಯ ಕಾಪಿ ಮಾಡುವಾಗ ತಿದ್ದುಪಡಿಯ ಗುರುತುಗಳೂ ಜೊತೆಗೇ ಬರುತ್ತವೆ. ಬದಲಾದ ಮಾತುಗಳನ್ನು ಚೌಕ ಕಂಸದಲ್ಲಿ ಹಾಕಿ ಮುಂದೆ ಅಡಿಟಿಪ್ಪಣಿಯ ಅಂಕಿ ಇಟ್ಟಿರುತ್ತಾರೆ. ಪೇಸ್ಟ್ ಮಾಡಿದಾಗ ಆ ಪುಟ್ಟ ಅಂಕಿ ಮಾಮೂಲಿ ಅಂಕಿಯಾಗಿ ಪದಕ್ಕೆ ಅಂಟಿಕೊಳ್ಳುತ್ತದೆ. ಕಂಸ, ಅಂಕಿ ಎರಡೂ ಸಂಪಾದಕರವು, ಶಾಸನದ ಮಾತಲ್ಲ, ತೆಗೆಯಬೇಕು. ಮೂಲದಲ್ಲಿ ಸಾಲಾಗಿ ನಕ್ಷತ್ರ ಚಿಹ್ನೆ ಕಂಡರೆ ಅಲ್ಲಿದ್ದ ಮಾತನ್ನು ಶಾಸಕಾಂಗವೇ ಕೈಬಿಟ್ಟಿದೆ ಎಂದರ್ಥ. ನೀವು ಉಲ್ಲೇಖವನ್ನು ಮೊಟಕುಗೊಳಿಸಲು ಹಾಕುವ ಚುಕ್ಕೆಗಳ ಜೊತೆ ಅದನ್ನು ಬೆರೆಸಬೇಡಿ.

ಇನ್ನು ಹೋಲಿಕೆ. ಮೂಲವನ್ನೂ ಕರಡಿನ ಉಲ್ಲೇಖವನ್ನೂ ಬೇರೆ ಬೇರೆ ಟೆಕ್ಸ್ಟ್ ಫೈಲಿಗೆ ಹಾಕಿ, ಸಾಲಿಗೊಂದು ಪದದಂತೆ ಒಡೆದು, ಹೋಲಿಸಿ. ಸಾಲು ಮುರಿದ ಜಾಗ ಬೇರೆಯಾಗಿದ್ದರೂ ಆಗ ತೊಂದರೆಯಿಲ್ಲ.

```
tr -s '[:space:]' '\n' < mula.txt > a
tr -s '[:space:]' '\n' < karadu.txt > b
diff a b
```

ಏನೂ ತೋರಿಸದಿದ್ದರೆ ಎರಡೂ ಒಂದೇ. ಶಿಕ್ಷೆಯ ತುಣುಕನ್ನಷ್ಟೇ ಕೊಟ್ಟಾಗ ಹೀಗೆ ಬಂತು ಎನ್ನಿ:

```
7,8c7
< be
< extended
---
> extend
```

ಮೇಲಿನದು ಮೂಲ, ಕೆಳಗಿನದು ಕರಡು. ಇದು ನೆನಪಿನಿಂದ ಬರೆದವರು ಸಾಮಾನ್ಯವಾಗಿ ಮಾಡುವ ತಪ್ಪು. ಜೈಲುಶಿಕ್ಷೆಯ ಬಗ್ಗೆ ಶಾಸನ 'ಮೇ ಬಿ ಎಕ್ಸ್‌ಟೆಂಡೆಡ್ ಟು' ಎನ್ನುತ್ತದೆ, ಅದೇ ವಾಕ್ಯದಲ್ಲಿ ದಂಡಕ್ಕೆ ಬಂದಾಗ 'ಮೇ ಎಕ್ಸ್‌ಟೆಂಡ್ ಟು' ಎನ್ನುತ್ತದೆ. ಎರಡನ್ನೂ ಒಂದೇ ಥರ ಮಾಡಿಬಿಡಬೇಕು ಅನಿಸುತ್ತದೆ, ಮಾಡಬೇಡಿ. ಆರಂಭದಲ್ಲಿ ಬರುವ 'ಐದರ್ ಬಿಕಾಸ್ ಆಫ್ ದಿ ಅಮೌಂಟ್... ಈಸ್ ಇನ್‌ಸಫಿಶಿಯೆಂಟ್' ಎಂಬ ಕಡೆಯೂ ಅಷ್ಟೇ. ವ್ಯಾಕರಣದ ದೃಷ್ಟಿಯಿಂದ ಆ 'ಆಫ್' ಅಲ್ಲಿ ಒಗ್ಗುವುದಿಲ್ಲ, ವರ್ಡ್ ಅದರ ಕೆಳಗೆ ಗೆರೆ ಎಳೆಯಲೂಬಹುದು. ಆದರೂ ಶಾಸನದಲ್ಲಿ ಇರುವುದೇ ಹಾಗೆ.

ಕಣ್ಣಿಗೆ ಎರಡೂ ಪದ ಒಂದೇ ಥರ ಕಂಡರೂ ವ್ಯತ್ಯಾಸ ತೋರಿಸಿದರೆ ಅದು ಡೊಂಕು ಉದ್ಧರಣ ಚಿಹ್ನೆ, ಸಾಲಿನ ಕೊನೆಯಲ್ಲಿ ಮುರಿದ ಹೈಫನ್ ಅಥವಾ ಮುರಿಯದ ಸ್ಪೇಸ್ ಇರಬಹುದು. ಇವನ್ನು ಎರಡೂ ಫೈಲಿನಲ್ಲಿ ಸಮ ಮಾಡಿಕೊಳ್ಳಬಹುದು. ಅಲ್ಪವಿರಾಮ, ಅರ್ಧವಿರಾಮ, ದೊಡ್ಡಕ್ಷರಗಳನ್ನು ಮಾತ್ರ ಎಂದೂ ಸಮ ಮಾಡಬೇಡಿ, ಅವು ಪಠ್ಯದ ಭಾಗ.

ಮೂಲ ಸ್ಕ್ಯಾನ್ ಪ್ರತಿಯಾಗಿದ್ದರೆ, ಅಥವಾ ಯೂನಿಕೋಡ್‌ಗೆ ಮುಂಚಿನ ಫಾಂಟಿನ ಕನ್ನಡ ಪಿಡಿಎಫ್ ಆಗಿ ಕಾಪಿ ಮಾಡಿದಾಗ ಬರೀ ಅಡ್ಡಾದಿಡ್ಡಿ ಅಕ್ಷರ ಬರುತ್ತಿದ್ದರೆ, ಈ ದಾರಿ ನಡೆಯುವುದಿಲ್ಲ. ಆಗ ಇಬ್ಬರು ಕೂರಬೇಕು. ಒಬ್ಬರು ಮೂಲವನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಪೆನ್ಸಿಲ್ ಆಡಿಸುತ್ತ ಹೋಗಬೇಕು. ಕರಡು ಬರೆದವರು ಪೆನ್ಸಿಲ್ ಹಿಡಿಯುವುದು ಬೇಡ, ಅವರು ಮೂಲ ಓದಲಿ.

ಉಲ್ಲೇಖಿಸಿದಷ್ಟು ಭಾಗವನ್ನೇ ಹೋಲಿಸಿದರೆ ಈ ಎರಡು ದಾರಿಯಿಂದಲೂ ಸಿಗದ ತಪ್ಪೊಂದಿದೆ. ಕರಡಿನಲ್ಲಿ ಮೊದಲ ಪ್ಯಾರಾವನ್ನಷ್ಟೇ ಕೊಟ್ಟು ಉದ್ಧರಣ ಮುಚ್ಚಿದ್ದರೆ, ಅಷ್ಟು ಭಾಗ ಮೂಲಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಚೆಕ್ಕನ್ನು ಯಾವಾಗ ಬ್ಯಾಂಕಿಗೆ ಹಾಕಬೇಕು, ನೋಟಿಸ್ ಯಾವಾಗ ಕೊಡಬೇಕು ಎಂಬ ಷರತ್ತುಗಳಿರುವ ಪರಂತುಕ, ಸಾಲ ಎಂದರೇನು ಎಂದು ಹೇಳುವ ವಿವರಣೆ ಎರಡೂ ಹೊರಗುಳಿದಿರುತ್ತವೆ. ಹಾಗಾಗಿ ಉದ್ಧರಣ ಮುಗಿಯುವ ಜಾಗವನ್ನು ಮೂಲದಲ್ಲಿ ಹುಡುಕಿ, ಅಲ್ಲಿಂದ ಮುಂದಿನ ಸೆಕ್ಷನ್ ಶುರುವಾಗುವವರೆಗೆ ಓದಿ. ಉಳಿದದ್ದನ್ನು ಬೇಕೆಂದೇ ಬಿಟ್ಟಿದ್ದರೆ ಅಲ್ಲಿ ಚುಕ್ಕೆಗಳನ್ನು ಹಾಕಿ.