ರೌಂಡ್ಸ್ ರಿಪೋರ್ಟ್‌ನಲ್ಲಿ ಟಿಕ್‌ಗಿಂತ ಮೊದಲು ನಿಮಿಷ ನೋಡಿ

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಗಾರ್ಡ್‌ಗಳು ರಾತ್ರಿ ರೌಂಡ್ಸ್ ಹೋಗುವಾಗ ಅಲ್ಲಲ್ಲಿ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡ್ತಾರೆ. ಬೆಳಿಗ್ಗೆ ಸೂಪರ್‌ವೈಸರ್ ಆ ರಿಪೋರ್ಟ್‌ನಲ್ಲಿ ಏನು ನೋಡ್ತಾರೆ? 100% ಅಂತ ಬಂದಿದ್ರೆ ಸಾಕಲ್ವಾ?

ಸಾಕಾಗುವುದಿಲ್ಲ. 100% ಅಂದರೆ ಎಲ್ಲ ಪಾಯಿಂಟ್‌ಗಳಲ್ಲೂ ಸ್ಕ್ಯಾನ್ ಬಿದ್ದಿದೆ ಅಂತ ಅಷ್ಟೇ. ನಾನು ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ಬೆಳಿಗ್ಗೆ 8ಕ್ಕೆ ನೈಟ್ ಶಿಫ್ಟ್‌ನವರು ಚಾರ್ಜ್ ಕೊಟ್ಟು ಹೋಗುವ ಮೊದಲೇ ರಿಪೋರ್ಟ್ ತೆಗೆಯುತ್ತೇನೆ. ಅವರು ಮನೆಗೆ ಹೋದ ಮೇಲೆ ತೆಗೆದರೆ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಅದರಲ್ಲಿ ಮೊದಲು ನೋಡುವುದು ಒಂದು ಪಾಯಿಂಟ್‌ನಿಂದ ಇನ್ನೊಂದಕ್ಕೆ ಎಷ್ಟು ನಿಮಿಷ ಹಿಡಿದಿದೆ ಅನ್ನುವುದನ್ನು.

ಇದಕ್ಕೆ ಮೊದಲು ಒಂದು ಅಳತೆ ಬೇಕು. ಸೂಪರ್‌ವೈಸರ್ ಗಾರ್ಡ್ ಜೊತೆಗೆ ರಾತ್ರಿಯೇ ಪೂರ್ತಿ ರೌಂಡ್ ನಡೆದು ಸಮಯ ಬರೆದುಕೊಳ್ಳಬೇಕು. ಹಗಲಿನ ಲೆಕ್ಕ ರಾತ್ರಿಗೆ ಹೊಂದುವುದಿಲ್ಲ, ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿಕೊಂಡು ಹೋಗುವವರು ನಿಧಾನ. ನಮ್ಮಲ್ಲಿ ಗೇಟ್‌ನಿಂದ ಜನರೇಟರ್‌ಗೆ 3 ನಿಮಿಷ, ಅಲ್ಲಿಂದ ಹಿಂದಿನ ಕಾಂಪೌಂಡ್‌ಗೆ 4, ಅಲ್ಲಿಂದ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಗೆ 3, ಎಸ್‌ಟಿಪಿಯಿಂದ ಬೇಸ್‌ಮೆಂಟ್ ಪಂಪ್ ರೂಮ್‌ಗೆ 5. ಆಮೇಲೆ ಪ್ಯಾನೆಲ್ ರೂಮ್, ಎರಡು ಟವರ್‌ಗಳ ಟೆರೇಸ್, ಸ್ವಿಮ್ಮಿಂಗ್ ಪೂಲ್ ಮುಗಿಸಿ ಗೇಟ್‌ಗೆ ವಾಪಸ್ ಬರುವಾಗ ಸುಮಾರು 40 ನಿಮಿಷ ಆಗುತ್ತದೆ. ಒಂದೆರಡು ನಿಮಿಷ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗ ಒಂದು ರಾತ್ರಿಯ ಕಥೆ ಹೇಳುತ್ತೇನೆ. 2 ಗಂಟೆಯ ರೌಂಡ್ ಹೀಗಿತ್ತು: ಗೇಟ್ 2:04, ಜನರೇಟರ್ 2:07, ಕಾಂಪೌಂಡ್ 2:11, ಎಸ್‌ಟಿಪಿ 2:14, ಪಂಪ್ ರೂಮ್ 2:25. ಎಲ್ಲ ಪಾಯಿಂಟ್ ಹಸಿರು, ಚೆಕ್‌ಲಿಸ್ಟ್‌ನಲ್ಲಿ ಎಲ್ಲದಕ್ಕೂ 'ಓಕೆ'. ಆದರೆ 5 ನಿಮಿಷದ ದಾರಿಗೆ 11 ನಿಮಿಷ ಹಿಡಿದಿತ್ತು. ಇಂಥದ್ದು ಕಂಡರೆ 'ಎಲ್ಲೋ ಕೂತು ಮಲಗಿದಾನೆ' ಅಂತ ಹೇಳಿಬಿಡುವುದು ಸುಲಭ. ನಾನು ಅದೇ ರಾತ್ರಿಯ ಬೇರೆ ರೌಂಡ್‌ಗಳನ್ನು ತೆಗೆದು ನೋಡಿದೆ. ಅವುಗಳಲ್ಲೂ ಅದೇ ಜಾಗದಲ್ಲಿ 10, 11 ನಿಮಿಷ. ಹಿಂದಿನ ರಾತ್ರಿ ಬೇರೆ ಗಾರ್ಡ್ ಇದ್ದರು, ಅವರಿಗೂ ಅಷ್ಟೇ ಹಿಡಿದಿತ್ತು. ಅದಕ್ಕೂ ಹಿಂದಿನ ರಾತ್ರಿಗಳಲ್ಲಿ 5 ನಿಮಿಷವೇ ಇತ್ತು. ಮಲಗುವವರು ಪ್ರತಿ ರೌಂಡ್‌ನಲ್ಲೂ ಅಳೆದಂತೆ ಐದಾರೇ ನಿಮಿಷ ಮಲಗುವುದಿಲ್ಲ. ಇಬ್ಬರು ಬೇರೆ ಬೇರೆ ಜನ ಒಂದೇ ಜಾಗದಲ್ಲಿ ತಡ ಮಾಡಿದರೆ ತೊಂದರೆ ಇರುವುದು ದಾರಿಯಲ್ಲಿ.

ಗಾರ್ಡ್‌ಗೆ 'ಯಾಕಪ್ಪಾ ಲೇಟು' ಅಂತ ಕೇಳಲಿಲ್ಲ. 'ಎಸ್‌ಟಿಪಿಯಿಂದ ಪಂಪ್ ರೂಮ್‌ಗೆ ಯಾವ ಕಡೆಯಿಂದ ಹೋದೆ, ತೋರಿಸು ಬಾ' ಅಂದೆ. ಅವನು ಮುಂದಿನ ಕಾರ್ ರ‍್ಯಾಂಪ್ ಕಡೆಗೆ ಹೊರಟ. 'ಆ ಕಡೆ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದಾರೆ ಸಾರ್' ಅಂದ. ಹೋಗಿ ನೋಡಿದರೆ ನಿಜ. ಹೌಸ್‌ಕೀಪಿಂಗ್ ಸಾಮಾನು ಕಾಣೆಯಾಗುತ್ತಿದೆ ಅಂತ ಯಾರೋ ಬೇಸ್‌ಮೆಂಟ್ ಮೆಟ್ಟಿಲಿನ ಬಾಗಿಲಿಗೆ ಬೀಗ ಜಡಿದಿದ್ದರು. ಅದು ಬೆಂಕಿ ಬಿದ್ದಾಗ ಜನ ಹೊರಗೆ ಓಡಿಬರಬೇಕಾದ ದಾರಿ! ಎರಡು ರಾತ್ರಿ ಅದು ಮುಚ್ಚಿತ್ತು, ರಿಪೋರ್ಟ್ ಮಾತ್ರ 100% ಹೇಳುತ್ತಿತ್ತು. ಬೀಗ ಅಲ್ಲೇ ತೆಗೆಸಿದೆವು.

ಗಾರ್ಡ್ ಮೊದಲೇ ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ಅವನ ಲೆಕ್ಕದಲ್ಲಿ ಕೆಲಸ ಆಗಿತ್ತು. ಸುತ್ತಿಕೊಂಡು ಹೋಗಿ ಸ್ಕ್ಯಾನ್ ಮಾಡಿದ್ದ. ಚೆಕ್‌ಲಿಸ್ಟ್ ಕೇಳಿದ್ದು ಪಂಪ್ ರೂಮ್ ಬಗ್ಗೆ, ದಾರಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದಕ್ಕೆ ಈಗ ಆ ಬಾಗಿಲಿನ ಪಕ್ಕದಲ್ಲೇ ಒಂದು ಪಾಯಿಂಟ್ ಹಾಕಿದ್ದೇವೆ. ಅಲ್ಲಿ ಒಂದೇ ಪ್ರಶ್ನೆ: ಬಾಗಿಲು ತಳ್ಳಿದರೆ ತೆರೆಯಿತಾ?

ಸಮಯ ಜಾಸ್ತಿ ಆದಾಗ ಹೀಗೆ. ಕಡಿಮೆ ಆದಾಗ ಅನುಮಾನ ಬೇರೆ. ಕ್ಯೂಆರ್ ಕೋಡ್ ಅಂಟಿಸಿರುವ ಕಡೆ, ಎಲ್ಲ ಕೋಡ್‌ಗಳ ಫೋಟೋ ತೆಗೆದಿಟ್ಟುಕೊಂಡು ಗೇಟ್‌ನಲ್ಲೇ ಕೂತು ಸ್ಕ್ಯಾನ್ ಮಾಡಬಹುದು. ಆಗ ಎರಡು ಟೆರೇಸ್‌ಗಳ ನಡುವೆ ಅರ್ಧ ನಿಮಿಷ ಅಂತ ಬರುತ್ತದೆ. ಲಿಫ್ಟ್‌ನಲ್ಲಿ ಇಳಿದು ಇನ್ನೊಂದು ಟವರ್ ಹತ್ತಿದರೂ ಅಷ್ಟು ಬೇಗ ಆಗುವುದಿಲ್ಲ. ಸ್ವಲ್ಪ ಜಾಣರಾದರೆ ಅಲಾರಂ ಇಟ್ಟುಕೊಂಡು ಸರಿಯಾಗಿ ನಾಲ್ಕು ನಾಲ್ಕು ನಿಮಿಷಕ್ಕೆ ಸ್ಕ್ಯಾನ್ ಮಾಡುತ್ತಾರೆ. ನಿಜವಾಗಿ ನಡೆದ ರೌಂಡ್ ಯಾವತ್ತೂ ಅಷ್ಟು ಸಮನಾಗಿ ಬರುವುದಿಲ್ಲ. ಕ್ಯೂಆರ್ ಬದಲು ಒಳಗೆ ಚಿಪ್ ಇರುವ ಎನ್‌ಎಫ್‌ಸಿ ಟ್ಯಾಗ್ ಹಾಕಿದ್ದರೆ ಅದಕ್ಕೆ ಫೋನ್ ಮುಟ್ಟಿಸುವಷ್ಟು ಹತ್ತಿರ ಹೋಗಬೇಕು, ಅದರ ಫೋಟೋ ತೆಗೆದು ಪ್ರಯೋಜನವಿಲ್ಲ. ಆದರೆ ಸ್ಟಿಕರ್ ಕಿತ್ತು ತಂದರೆ ಅದೂ ಮೋಸವೇ. ಆಗಾಗ ಟ್ಯಾಗ್ ಜಾಗದಲ್ಲೇ ಇದೆಯಾ ಅಂತ ನಾವೇ ಹೋಗಿ ನೋಡಬೇಕು.

ಆದರೂ ಯಾರ ಮೇಲೂ ಆರೋಪ ಹೊರಿಸುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಬೇಸ್‌ಮೆಂಟ್‌ನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಫೋನ್ ಸ್ಕ್ಯಾನ್‌ಗಳನ್ನು ಒಳಗೇ ಇಟ್ಟುಕೊಂಡು, ಮೇಲೆ ಬಂದ ಮೇಲೆ ಒಟ್ಟಿಗೆ ಕಳಿಸುತ್ತದೆ. ರಿಪೋರ್ಟ್‌ನಲ್ಲಿ ಕಾಣುವುದು ಸರ್ವರ್‌ಗೆ ತಲುಪಿದ ಸಮಯವಾದರೆ ಮೂರು ಪಾಯಿಂಟ್ ಒಂದೇ ನಿಮಿಷದಲ್ಲಿ ಆದಂತೆ ಕಾಣುತ್ತದೆ. ಪಾಪ, ಸರಿಯಾಗಿ ನಡೆದವನೇ ಕಳ್ಳನಂತೆ ಕಾಣುತ್ತಾನೆ. ಸ್ಕ್ಯಾನ್ ಆದ ಸಮಯದ ಕಾಲಂ ಬೇರೆಯೇ ಇರಬೇಕು.

ಬಿಟ್ಟುಹೋದ ಪಾಯಿಂಟ್‌ಗಳಿಗೂ ಇದೇ ರೀತಿ ನೋಡುತ್ತೇನೆ. ಒಂದೇ ಪಾಯಿಂಟ್ ಎಲ್ಲ ಗಾರ್ಡ್‌ಗಳಿಗೂ ತಪ್ಪುತ್ತಿದ್ದರೆ ಟ್ಯಾಗ್ ನೋಡಬೇಕು. ಸಾಮಾನ್ಯ ಎನ್‌ಎಫ್‌ಸಿ ಸ್ಟಿಕರ್ ಕಬ್ಬಿಣದ ಬಾಗಿಲ ಮೇಲೆ ಅಂಟಿಸಿದರೆ ಓದುವುದಿಲ್ಲ, ಲೋಹದ ಮೇಲೆ ಹಾಕುವುದಕ್ಕೆ ಬೇರೆ ತರಹದ ಟ್ಯಾಗ್ ಬರುತ್ತದೆ. ಒಬ್ಬನೇ ಗಾರ್ಡ್‌ಗೆ ಬೇರೆ ಬೇರೆ ಪಾಯಿಂಟ್ ತಪ್ಪುತ್ತಿದ್ದರೆ ಅವನ ಜೊತೆ ಮಾತಾಡಬೇಕು. ಎಷ್ಟೋ ಸಲ ರಿಲೀವರ್ ಬರದೆ ಅವನು ಡಬಲ್ ಡ್ಯೂಟಿಯಲ್ಲಿ ಇರುತ್ತಾನೆ. ಹಾಜರಿ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಂಡೇ ರಿಪೋರ್ಟ್ ಓದಬೇಕು ಅನ್ನುವುದು ಇದಕ್ಕೇ. 24 ಗಂಟೆ ನಿಂತವನಿಗೆ ಬೈದರೆ ಏನು ಪ್ರಯೋಜನ?

ಇನ್ನು ಸ್ಕ್ಯಾನ್ ಹೇಳುವುದು ಫೋನ್ ಅಲ್ಲಿಗೆ ಹೋಗಿತ್ತು ಅಂತ ಮಾತ್ರ. ಗಾರ್ಡ್ ಕಣ್ಣುಬಿಟ್ಟು ನೋಡಿದ್ದಾನಾ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ 'ಓಕೆ' ಟಿಕ್ ಬದಲು ಏನಾದರೂ ಓದಿ ಬರೆಯುವಂತೆ ಮಾಡಿ. ಜನರೇಟರ್ ಹತ್ತಿರ ಡೀಸೆಲ್ ಎಷ್ಟಿದೆ, ಪಂಪ್ ರೂಮ್‌ನಲ್ಲಿ ಫೈರ್ ಲೈನ್ ಪ್ರೆಷರ್ ಗೇಜ್‌ನ ಮುಳ್ಳು ಎಲ್ಲಿದೆ, ಹೀಗೆ. ರಾತ್ರಿ ಎರಡು ಗಂಟೆ ಹೊತ್ತು ಕರೆಂಟ್ ಹೋಗಿ ಜನರೇಟರ್ ಓಡಿದ್ದರೂ ಡೀಸೆಲ್ ಲೆಕ್ಕ ಮೂರೂ ರೌಂಡ್‌ನಲ್ಲಿ ಒಂದೇ ಇದ್ದರೆ, ಅದನ್ನು ನೋಡಿ ಬರೆದಿಲ್ಲ ಅಂತ ತಿಳಿಯುತ್ತದೆ. ಆದರೆ ಪ್ರತಿ ಪಾಯಿಂಟ್‌ಗೂ ಹತ್ತು ಪ್ರಶ್ನೆ ಇಟ್ಟರೆ ಯಾರೂ ಓದದೆ ಒತ್ತುತ್ತಾ ಹೋಗುತ್ತಾರೆ. ಒಂದೆರಡೇ ಇರಲಿ.

ನಿಮ್ಮ ಅಸೋಸಿಯೇಷನ್‌ಗೆ ಬರುವ ರಿಪೋರ್ಟ್‌ನಲ್ಲಿ ಶೇಕಡಾ ಮಾತ್ರ ಇದ್ದರೆ, ಪ್ರತಿ ಪಾಯಿಂಟ್‌ನ ಸ್ಕ್ಯಾನ್ ಸಮಯ ಇರುವ ಪೂರ್ತಿ ಶೀಟ್ ಕೇಳಿ. ಎಕ್ಸೆಲ್‌ನಲ್ಲಿ ಪ್ರತಿ ಪಾಯಿಂಟ್‌ನ ಸಮಯದಿಂದ ಅದರ ಹಿಂದಿನ ಪಾಯಿಂಟ್‌ನ ಸಮಯ ಕಳೆದರೆ ನಡುವಿನ ನಿಮಿಷಗಳು ಬರುತ್ತವೆ. ಒಂದು ವಾರದ್ದನ್ನು ಪಕ್ಕಪಕ್ಕ ಇಟ್ಟು ನೋಡಿ, ಯಾವ ಜಾಗಕ್ಕೆ ಹೋಗಿ ನೋಡಬೇಕು ಅಂತ ನಿಮಗೇ ಗೊತ್ತಾಗುತ್ತದೆ.