ಅಮ್ಮನನ್ನು ಅವರು ಏನಂತ ಕರೆಯುತ್ತಾರೆ, ಅದನ್ನು ಕೇಳಿಸಿಕೊಳ್ಳಿ

ಪ್ರಶ್ನೆ: ಮದುವೆ ಹಾಲ್‌ನಲ್ಲಿ ಯಾರೋ ನೆಂಟರು ಬಂದು ಕೈ ಹಿಡ್ಕೊಂಡು ಮಾತಾಡಿಸ್ತಾರೆ. ಮುಖ ಎಲ್ಲೋ ನೋಡಿದ ಹಾಗಿರುತ್ತೆ, ನನಗೆ ಏನಾಗಬೇಕು ಅನ್ನೋದು ಮಾತ್ರ ನೆನಪಿಗೆ ಬರಲ್ಲ. ಏನಂತ ಕರೀಬೇಕು?

ಮೊದಲು ಏನೂ ಕರೆಯಬೇಡಿ. "ನಮಸ್ಕಾರ, ಚೆನ್ನಾಗಿದ್ದೀರಾ? ಯಾವಾಗ ಬಂದ್ರಿ?" ಅಷ್ಟು ಸಾಕು. ಬಹುವಚನ ಇದ್ದರೆ ಗೌರವಕ್ಕೇನೂ ಕೊರತೆ ಆಗಲ್ಲ, ಕರೆಯೋ ಹೆಸರು ಬಿಟ್ಟುಹೋಗಿದ್ದು ಯಾರ ಗಮನಕ್ಕೂ ಬರಲ್ಲ. ಅಂಕಲ್, ಆಂಟಿ ಅಂತ ಮಾತ್ರ ಅಂದುಬಿಡಬೇಡಿ. ಸ್ವಂತ ಸೋದರಮಾವನಿಗೆ ಅಂಕಲ್ ಅಂದರೆ ನಿಮಗೆ ಅವರ ಗುರುತೇ ಸಿಕ್ಕಿಲ್ಲ ಅಂತ ಅಲ್ಲೇ ಗೊತ್ತಾಗಿಹೋಗುತ್ತೆ.

ಆಮೇಲೆ ಮಾತನ್ನು ನಿಮ್ಮ ಅಪ್ಪ ಅಮ್ಮನ ಕಡೆ ತಿರುಗಿಸಿ. "ಅಮ್ಮನ್ನ ಮಾತಾಡಿಸಿದ್ರಾ? ಮುಂದೆ ಕೂತಿದ್ದಾರೆ" ಅಂತ ಅನ್ನಿ. ಅವರು ಉತ್ತರ ಕೊಡುವಾಗ ಅಮ್ಮನನ್ನು ಏನೋ ಒಂದು ಕರೆಯಲೇಬೇಕಲ್ವಾ? ಕಿವಿ ಅಲ್ಲಿರಲಿ.

ಹೋದ ವರ್ಷ ನನಗೆ ಆಗಿದ್ದೇ ಹೇಳ್ತೀನಿ. ಅರವತ್ತರ ಆಸುಪಾಸಿನ ಒಬ್ಬರು ಬಾಗಿಲಲ್ಲೇ ಹಿಡಿದು ನಿಲ್ಲಿಸಿ, "ಎಷ್ಟು ಬದಲಾಗಿದ್ದೀಯ!" ಅಂದರು. ನಾನು ಅಮ್ಮನ ಮಾತೆತ್ತಿದೆ. "ಇಲ್ವಲ್ಲ, ಅಕ್ಕ ಎಲ್ಲಿದ್ದಾರೆ?" ಅಂದರು. ಅಮ್ಮನನ್ನು ಗಂಡಸು ಅಕ್ಕ ಅಂದರೆ ನನಗೆ ಮಾವ ಆಗಬೇಕು. ಆದರೆ ನಾನು ತಕ್ಷಣ ಕರೆಯಲಿಲ್ಲ, ಯಾಕಂದರೆ ವಯಸ್ಸಲ್ಲಿ ದೊಡ್ಡವರಾದ ಯಾರನ್ನು ಬೇಕಾದರೂ ಜನ ಅಕ್ಕ ಅನ್ನುತ್ತಾರೆ. "ಅಪ್ಪನೂ ಅಲ್ಲೇ ಇದ್ದಾರೆ" ಅಂತ ಇನ್ನೊಂದು ಎಳೆ ಬಿಟ್ಟೆ. "ಓ, ಭಾವನೂ ಬಂದಿದ್ದಾರಾ!" ಅಂದರು ನೋಡಿ, ಆಗ ಎರಡೂ ತಾಳೆ ಆಯ್ತು. "ಬನ್ನಿ ಮಾವ, ಕರ್ಕೊಂಡು ಹೋಗ್ತೀನಿ" ಅಂದೆ.

ಹಾಗಾಗದೆ ಅಮ್ಮನಿಗೆ ಅಕ್ಕ, ಅಪ್ಪನಿಗೆ ಅಣ್ಣ ಅಂದಿದ್ದರೆ? ಆಗ ಅವರು ಹೆಚ್ಚಾಗಿ ಪರಿಚಯದವರು, ಇಲ್ಲ ಬಹಳ ದೂರದ ನೆಂಟರು. ಸುಮ್ನೆ ಬಹುವಚನದಲ್ಲೇ ಮುಂದುವರಿಸಿ.

ಉಳಿದಿದ್ದೂ ಇದೇ ಲೆಕ್ಕ. ಅಪ್ಪನನ್ನು ಅಣ್ಣ, ಅಮ್ಮನನ್ನು ಅತ್ತಿಗೆ ಅನ್ನೋ ಗಂಡಸು ಚಿಕ್ಕಪ್ಪ. ಅದೇ ಎರಡು ಮಾತು ಹೆಂಗಸಿನ ಬಾಯಲ್ಲಿ ಬಂದರೆ ಆಕೆ ಅತ್ತೆ. ಅಮ್ಮನನ್ನು ಅಕ್ಕ, ಅಪ್ಪನನ್ನು ಭಾವ ಅನ್ನೋ ಹೆಂಗಸು ಚಿಕ್ಕಮ್ಮ. ಕಷ್ಟ ಆಗೋದು ಅವರು ಅಪ್ಪ ಅಮ್ಮನಿಗಿಂತ ದೊಡ್ಡವರಾದಾಗ, ಯಾಕಂದರೆ ಅವರು ಬರೀ ಹೆಸರು ಹಿಡಿದು ಕರೆಯುತ್ತಾರೆ. ಆಗ ನಿಮ್ಮ ಹತ್ತಿರ ಇರೋದು ಅರ್ಧ ಸುಳಿವು ಮಾತ್ರ. "ನಿಮ್ಮಪ್ಪ ಎಲ್ಲಿದ್ದಾನೆ?" ಅಂತ ಸಲೀಸಾಗಿ ಏಕವಚನದಲ್ಲಿ ಕೇಳಿದರೆ ಅಪ್ಪನ ಕಡೆಯ ಹಿರಿಯರು ಇರಬಹುದು. ದೊಡ್ಡಪ್ಪನೋ, ಅಪ್ಪನಿಗೇ ಮಾವ ಆಗಬೇಕಾದವರೋ, ಅದು ಅಷ್ಟರಲ್ಲೇ ಗೊತ್ತಾಗಲ್ಲ. ಇನ್ನು ಒಳಗೊಳಗೇ ಹೆಣ್ಣು ತಂದ ಮನೆತನಗಳಲ್ಲಿ ಒಬ್ಬರೇ ಎರಡು ದಾರಿಯಲ್ಲಿ ನೆಂಟರಾಗಿರುತ್ತಾರೆ, ಅಲ್ಲಿ ಈ ಲೆಕ್ಕ ಕೈಕೊಡುತ್ತೆ. ಅಂಥ ಕಡೆ ನಿಮ್ಮ ಮನೆಯಲ್ಲಿ ಏನು ರೂಢಿಯೋ ಅದೇ ಸರಿ.

ಇಷ್ಟೆಲ್ಲ ಯಾಕೆ, ಏನೋ ಒಂದು ಅಂದರಾಯ್ತಲ್ಲ ಅನ್ನಬೇಡಿ. ಚಿಕ್ಕಪ್ಪನ ಮಕ್ಕಳು ನಿಮಗೆ ಅಣ್ಣ ತಂಗಿ. ಅದೇ ಮನುಷ್ಯನನ್ನು ಮಾವ ಅಂದಿರೋ, ಅವರ ಮಕ್ಕಳ ಜೊತೆ ನಿಮಗೆ ಮದುವೆ ಸಂಬಂಧ ಕೂಡಿಬರುವಂಥದ್ದು ಅಂತಾಯ್ತು! ಮದುವೆ ಹಾಲ್‌ನಲ್ಲಿ ಇದು ಯಾರ ಕಿವಿಗಾದರೂ ಬಿತ್ತೋ, ಮುಂದಿನ ಮದುವೆವರೆಗೂ ನಿಮ್ಮನ್ನು ರೇಗಿಸುತ್ತಾರೆ.

"ನೀವು ಹುಡುಗನ ಕಡೆಯವರಾ, ಹುಡುಗಿ ಕಡೆಯವರಾ?" ಅನ್ನೋ ಪ್ರಶ್ನೆಯೂ ಬೇಡ. ಅವರು ನಿಮ್ಮ ಕಡೆಯವರೇ ಆಗಿದ್ದರೆ ಮುಖ ಸಪ್ಪಗಾಗುತ್ತೆ. ಅದರ ಬದಲು ನೀವೇ "ನಾನು ಇಂಥವರ ಎರಡನೇ ಮಗ" ಅಂತ ಅಪ್ಪನ ಹೆಸರು ಹೇಳಿಬಿಡಿ. ಎಷ್ಟೋ ಸಲ ಅವರಿಗೂ ನೀವು ಯಾರು ಅಂತ ಗೊತ್ತಿರಲ್ಲ, ಪಾಪ. ನಿಮ್ಮ ಗುರುತು ಸಿಕ್ಕ ಕೂಡಲೇ "ಹಾಗಾದರೆ ನಾನು ನಿನಗೆ ಇಂಥದ್ದು ಆಗಬೇಕು" ಅಂತ ಅವರೇ ಶುರು ಮಾಡುತ್ತಾರೆ.

ಕೊನೇದು, "ನಾನ್ಯಾರು ಹೇಳು ನೋಡೋಣ?" ಅಂತ ನಾಲ್ಕು ಜನರ ಎದುರು ನಿಲ್ಲಿಸಿ ಪರೀಕ್ಷೆ ಮಾಡುವವರು. ಇವರ ಮುಂದೆ ಊಹೆ ಮಾಡಲು ಹೋಗಲೇಬೇಡಿ. "ಮುಖದ ಗುರುತಿದೆ, ಏನಾಗಬೇಕು ಅಂತ ನೀವೇ ಹೇಳಿ" ಅಂದುಬಿಡಿ. ಅವರಿಗೆ ಬೇಕಾಗಿರೋದೂ ಅದೇ, ಅಜ್ಜನ ಕಾಲದಿಂದ ಶುರು ಮಾಡಿ ಇಡೀ ವಂಶಾವಳಿ ಬಿಡಿಸಿ ಹೇಳುತ್ತಾರೆ.