ಇನ್‌ಫಿಲ್ 20% ಅಂದರೆ ತೂಕವೂ 20% ಅಲ್ಲ

ಪ್ರಶ್ನೆ: ಕಾರವಾರದ ಮೀನುದೋಣಿಯ ಮಾದರಿ 3ಡಿ ಪ್ರಿಂಟ್ ಮಾಡಬೇಕು. ಗಾತ್ರ 60 ಘನ ಸೆಂ.ಮೀ., ಇನ್‌ಫಿಲ್ 20%. ಪಿಎಲ್‌ಎ ಪ್ಲಾಸ್ಟಿಕ್ ತಂತಿ ಎಷ್ಟು ಬೇಕು?

ಸುಮಾರು 27 ಗ್ರಾಂ, ಅಂದರೆ 9 ಮೀಟರ್. ಸುಮ್ನೆ 60ರ 20%, ಅಂದರೆ 12 ಘನ ಸೆಂ.ಮೀ. ಹಿಡಿದರೆ 15 ಗ್ರಾಂ ಬರುತ್ತದೆ. ಹಾಗೆ ನಂಬಿ ಸುರುಳಿಯ ಕೊನೆಯ ತುಂಡು ಹಾಕಿದ್ದೆ. ದೋಣಿಯ ಅಂಚು ಮುಗಿಯುವ ಮೊದಲೇ ತಂತಿ ಖಾಲಿ!

ಇನ್‌ಫಿಲ್ ಒಳಗಿನ ಟೊಳ್ಳಿಗೆ ಮಾತ್ರ. ಹೊರಗೋಡೆ, ತಳ, ಮೇಲ್ಪದರ ಪೂರ್ತಿ ಗಟ್ಟಿ ಅಲ್ವಾ? ಮೇಲ್ಮೈ 100 ಚದರ ಸೆಂ.ಮೀ., ಗೋಡೆ 1.2 ಮಿ.ಮೀ. ದಪ್ಪ ಎಂದುಕೊಳ್ಳಿ. ಗೋಡೆಗೇ 12 ಘನ ಸೆಂ.ಮೀ. ಹೋಯಿತು. ಉಳಿದ 48ರ 20% ಅಂದರೆ 9.6.

```
12 + 9.6 = 21.6 cm³
21.6 × 1.24 = 26.8 g
21.6 ÷ 0.02405 = 898 cm
```

1.24 ಪಿಎಲ್‌ಎ ಸಾಂದ್ರತೆ, 0.02405 ಎಂಬುದು 1.75 ಮಿ.ಮೀ. ತಂತಿಯ ಅಡ್ಡಕೊಯ್ತದ ವಿಸ್ತೀರ್ಣ. ತೆಳು ಭಾಗ ಜಾಸ್ತಿ ಇದ್ದರೆ ಗೋಡೆಯ ಅಂದಾಜು ತುಸು ಹೆಚ್ಚಾಗಿ ಬರುತ್ತದೆ. ಸಪೋರ್ಟ್ ಬೇಕಾದರೆ ಅದನ್ನು ಬೇರೆ ಕೂಡಿಸಿ.